ನಾಲ್ಕು ತಾಲೂಕಿನ ನಿರೂಪಕರು

ನಮ್ಮ ಹಾವೇರಿ ಸೀಮೆಯಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರೆಂದರೆ ಮೊದಲು ಶಾಮಿಯಾನದವನನ್ನು ಗೊತ್ತುಮಾಡುತ್ತಾರೆ, ಆಮೇಲೆ ಅಡಿಗೆಯವರನ್ನು, ಮೂರನೆಯದಾಗಿ ನಿರೂಪಕರನ್ನು. ಗುರುಗಳನ್ನು ಕೇಳುವುದು ಇದಾದ ಮೇಲೆ. ಗುರುಗಳು ನಿವೃತ್ತರು, ಯಾವ ಭಾನುವಾರವಾದರೂ ಬಂದಾರು. ನಿರೂಪಕರ ಭಾನುವಾರ ಮಾತ್ರ ಸಿಕ್ಕುವುದು ಕಷ್ಟ.

ನಾನು ಹೇಳುತ್ತಿರುವ ನಿರೂಪಕರು ವಾರದ ಆರು ದಿನ ವಿಮೆಯ ಏಜೆಂಟರು. ಏಳನೆಯ ದಿನ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ನೀಲಿ ಫೈಲು ಹಿಡಿದು ಬಸ್ಸು ಹತ್ತುತ್ತಾರೆ. ಫೈಲಿನಲ್ಲಿ ನಾಲ್ಕು ತಾಲೂಕಿಗೆ ನಾಲ್ಕು ಆರಂಭದ ಹಾಳೆಗಳಿವೆ. ಹಾನಗಲ್ಲಾದರೆ, 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗ ಮಂದಿರ ಕಟ್ಟಿದ ಕುಮಾರ ಶಿವಯೋಗಿಗಳ ನೆಲ. ಸವಣೂರಾದರೆ, ಅದೇ 1909ರಲ್ಲಿ ಹುಟ್ಟಿ ಪ್ರಿನ್ಸಿಪಾಲರಾಗಿ ಪಾಠ ಹೇಳಿದ ವಿ.ಕೃ. ಗೋಕಾಕರ ಊರು. ಶಿಗ್ಗಾವಿಗೆ ಬಾಡದ ಕನಕದಾಸರು, ಶಿಶುನಾಳದ ಶರೀಫರು. ಶರೀಫರೂ ಕೆಲಕಾಲ ಶಾಲೆಯ ಮಾಸ್ತರರಾಗಿದ್ದರು ಎಂಬಲ್ಲಿ ಚಪ್ಪಾಳೆಗೆಂದು ಪೆನ್ಸಿಲಿನ ಗುರುತು. ಹಿರೇಕೆರೂರಿಗೆ ಸರ್ವಜ್ಞ. ಅಬಲೂರಿನವರೂ ಮಾಸೂರಿನವರೂ ಅವನನ್ನು ತಮ್ಮವನೆನ್ನುವುದರಿಂದ ಎರಡೂ ಊರಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಒಮ್ಮೆ ಸವಣೂರಿನಲ್ಲಿ ಹಿರೇಕೆರೂರಿನ ಹಾಳೆ ಕೈಗೆ ಬಂದು ಸರ್ವಜ್ಞ ಅಲ್ಲಿಯೇ ಹುಟ್ಟಿಬಿಟ್ಟ. ಮುಂದಿನ ಸಾಲಿನ ಹಿರಿಯರೊಬ್ಬರು, “ಹುಟ್ಲಿ ಬಿಡ್ರಿ, ನಮಗೇನ ಭಾರಲ್ಲ” ಎಂದರು.

ಇಷ್ಟೇ ಆಗಿದ್ದರೆ ಇಂಥವರು ಹೋಬಳಿಗೊಬ್ಬರು ಸಿಕ್ಕಾರು. ಇವರ ಕಸುಬು ಇರುವುದು ಹಳೆಯ ಹುಡುಗರಿಂದ ಪ್ರಸಂಗ ಹೊರಡಿಸುವುದರಲ್ಲಿ. ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನ ಗಣಿತದ ಸರ್ ಗುರುವಂದನೆಗೆ ಇವರು ಸಿದ್ಧತೆ ಮಾಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ವಾಟ್ಸಾಪ್ ಗುಂಪಿನಲ್ಲಿ “ಸರ್ ಬಗ್ಗೆ ಎರಡು ಮಾತು ಕಳಿಸಿರಿ” ಎಂದು ಯಾರೋ ಹಾಕಿದ್ದರು. ಬಂದವೆಲ್ಲ ಒಂದೇ ಮಾತು: ಸರ್ ದೇವರಂಥವರು. ನಿರೂಪಕರು ಫೋನನ್ನು ಬೋರಲು ಹಾಕಿ, “ದೇವರ ಪೂಜಿಗೆ ಅರ್ಚಕರನ್ನ ಕರೀರಿ, ನನ್ನ ಯಾಕ ಕರದ್ರಿ?” ಎಂದರು. ಆಮೇಲೆ ಒಬ್ಬೊಬ್ಬರಿಗೇ ಫೋನು ಹಚ್ಚಿದರು. ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆ. ಸರ್ ಬೈಯುವಾಗ ಏನಂತಿದ್ರು? ಸೈಕಲ್ ಎಲ್ಲಿ ನಿಲ್ಲಸ್ತಿದ್ರು? ಉತ್ತರ ಬರದಿದ್ದರ ನಿನ್ನ ಎಲ್ಲಿ ನಿಲ್ಲಸ್ತಿದ್ರು? ದೇವರು ಸರಿದು ಮನುಷ್ಯರು ಹೊರಗೆ ಬರತೊಡಗಿದರು.

ಬಂದದ್ದನ್ನೆಲ್ಲ ಇವರು ತೆಗೆದುಕೊಳ್ಳುವುದಿಲ್ಲ. ಪ್ರಸಂಗದಲ್ಲಿ ಈ ಸರ್ ತೆಗೆದು ಇನ್ನೊಬ್ಬ ಸರ್ ಇಟ್ಟರೂ ನಡೆಯುತ್ತದೆಯೇ ಎಂದು ನೋಡುತ್ತಾರೆ. ನಡೆದರೆ ಅದು ಕಸದ ಬುಟ್ಟಿಗೆ. ಏಟಿನ ಕಥೆಗಳಂತೂ ರಾಶಿ ಬೀಳುತ್ತವೆ. ಒಂದಕ್ಕಿಂತ ಹೆಚ್ಚು ಇಡುವುದಿಲ್ಲ. “2009ರ ಶಿಕ್ಷಣ ಹಕ್ಕಿನ ಕಾಯ್ದೆ ಬಂದ ಮ್ಯಾಲೆ ಹೊಡಿಯೂದು ಬಂದ್ ಐತ್ರಿ. ಈಗಿನ ಹೆಡ್ ಮಾಸ್ತರ್ರು ವೇದಿಕಿ ಮ್ಯಾಲೆ ಕುಂತಿರ್ತಾರ, ಮುಂದ ಈಗಿನ ಹುಡುಗ್ರು ಕುಂತಿರ್ತಾರ. ನಾವು ಬೆತ್ತಕ್ಕ ಚಪ್ಪಾಳಿ ತಟ್ಟಿದ್ರ ಅವರ ಮುಖ ಎಲ್ಲಿಡಬೇಕು?”

ಒಂದು ವಿಷಯದಲ್ಲಿ ಮಾತ್ರ ಇವರ ಹಾಸ್ಯ ನಿಲ್ಲುತ್ತದೆ. ಒಬ್ಬನ ಪರೀಕ್ಷೆ ಫೀಯನ್ನು ಸರ್ ತುಂಬಿದ್ದರಂತೆ. ಗುಂಪಿನ ಮೂವರು ಅದನ್ನು ಕಳಿಸಿದ್ದರು, ಆದರೆ ಫೀ ಪಡೆದವನು ಕಳಿಸಿರಲಿಲ್ಲ. ನಿರೂಪಕರು ಅವನಿಗೆ ಗುಟ್ಟಾಗಿ ಫೋನು ಮಾಡಿದರು. ಈಗ ಅವನು ಗೊಬ್ಬರದ ಅಂಗಡಿಯ ಮಾಲೀಕ, ಮಕ್ಕಳನ್ನು ಕರೆದುಕೊಂಡು ಬರುವವನಿದ್ದ. “ಬ್ಯಾಡ್ರಿ” ಎಂದ. ಆ ಹಾಳೆಯನ್ನು ಅಲ್ಲೇ ಹರಿದರು. ಅವನು ತಾನಾಗಿ ಹೇಳಿಕೊಂಡರೆ ಕೃತಜ್ಞತೆ, ಬೇರೆಯವರು ಮೈಕಿನಲ್ಲಿ ಹೇಳಿದರೆ ಅವನ ಬಡತನದ ಮೆರವಣಿಗೆ ಎಂಬುದು ಅವರ ಲೆಕ್ಕ. ತೀರಿಕೊಂಡ ಸಹಪಾಠಿಗಳ ಪಟ್ಟಿಯನ್ನೂ ಮೊದಲೇ ತರಿಸಿ, ಮೌನಾಚರಣೆಯನ್ನು ಪ್ರಾರ್ಥನೆಯ ಹಿಂದೆಯೇ ಇಟ್ಟರು. ನಗೆಯ ಪ್ರಸಂಗ ಮುಗಿದ ಮೇಲೆ ಯಾರೋ ನೆನಪಿಸಿಕೊಂಡು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದ್ದನ್ನು ಇವರು ನೋಡಿದ್ದಾರಂತೆ.

ಪ್ರಸಂಗಗಳನ್ನು ಎಲ್ಲಿ ಇಡಬೇಕು ಎಂಬುದೇ ದೊಡ್ಡ ಗುಟ್ಟು. ಬೇರೆಯವರು ‘ವಿದ್ಯಾರ್ಥಿಗಳ ಅನಿಸಿಕೆ’ ಎಂದು ಒಂದೇ ಕಡೆ ಗುಡ್ಡೆ ಹಾಕುತ್ತಾರೆ; ಮೂರನೆಯವನು ಮಾತಾಡುವಷ್ಟರಲ್ಲಿ ಜನ ಊಟದ ಪೆಂಡಾಲಿನ ಕಡೆ ಮುಖ ಮಾಡಿರುತ್ತಾರೆ. ಇವರು ಸನ್ಮಾನವನ್ನೇ ಬಿಡಿಸಿ ನಡುವೆ ಪ್ರಸಂಗ ಸೇರಿಸುತ್ತಾರೆ. ಪೇಟ ಸುತ್ತುವಾಗ, ಶಾಲು ಹೊದಿಸುವಾಗ, ಹಾವೇರಿಯ ಏಲಕ್ಕಿ ಹಾರ ಹಾಕುವಾಗ, ಫಲತಾಂಬೂಲ ಕೊಡುವಾಗ ಪ್ರತಿಸಲವೂ ಫೋಟೋದವನು “ಇತ್ತ ನೋಡ್ರಿ” ಎನ್ನುತ್ತಾನೆ, ವೇದಿಕೆಯ ತುಂಬ ಬೆನ್ನುಗಳು, ಸಭೆಗೆ ಏನೂ ಕಾಣದು. ಆ ಹೊತ್ತಿಗೆ ಒಂದೊಂದು ಪ್ರಸಂಗ. ಅದು ಯಾರದೋ ಅವರೇ ಆ ವಸ್ತು ಹಿಡಿದು ಮೆಟ್ಟಿಲು ಹತ್ತಬೇಕು. ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಸರದಿ ಮೊದಲು, ಅವರಿಗೆ ಸಂಜೆಯ ಬಸ್ಸಿದೆ. ಎರಡು ಪ್ರಸಂಗ ಮಾತ್ರ ಫೈಲಿನ ಹಿಂದೆ ಮೀಸಲು: ಮುಖ್ಯ ಅತಿಥಿಗಳು ತಡವಾಗಿ ಬಂದಾಗ ಬೇಕಾಗುತ್ತವೆ. ತಡವಾಗಿ ಬರದ ಮುಖ್ಯ ಅತಿಥಿಯನ್ನು ಇವರಿನ್ನೂ ಕಂಡಿಲ್ಲ.

ಅಂದು ಶಾಲಿನ ಜಾಗದಲ್ಲಿ ಹೀಗೆ ಬರೆದಿತ್ತು: “ಇವರು ದಿನಾ ತಡವಾಗಿ ಬರುತ್ತಿದ್ದರು. ಬಸ್ ಲೇಟ್ ಸರ್ ಎಂದರೆ ಸರ್ ಹೊರಗೇ ನಿಲ್ಲಿಸಿ ಲೆಕ್ಕ ಕೊಟ್ಟರು. ಹನ್ನೆರಡು ಕಿಲೋಮೀಟರ್ ದಾರಿ, ಗಂಟೆಗೆ ಮೂವತ್ತು ಕಿಲೋಮೀಟರ್ ವೇಗ, ಒಂಬತ್ತೂವರೆಗೆ ಬಿಟ್ಟ ಬಸ್ಸು ಎಷ್ಟು ಹೊತ್ತಿನಲ್ಲಿ ಮುಟ್ಟಬೇಕು? ಇಪ್ಪತ್ನಾಲ್ಕು ನಿಮಿಷ ಸರ್. ಹಂಗಾದ್ರ ಉಳಿದ ಹೊತ್ತು ಎಲ್ಲಿ ಹೋತು? ಆ ಉತ್ತರ ಹುಡುಕುತ್ತ ಹುಡುಕುತ್ತ ಅವರು ಕಂಡಕ್ಟರ್ ಆದರು. ಶಾಲು ಹೊದಿಸಲು ಬರುತ್ತಿದ್ದಾರೆ.” ಕಂಡಕ್ಟರ್ ಶಾಲು ಹೊದಿಸಿ, ಮೈಕಿಗೆ ಬಾಗಿ, “ಈಗ ನಾನ ತಡ ಮಾಡ್ತೀನ್ರಿ ಸರ” ಎಂದಾಗ ಪೆಂಡಾಲು ಬಿದ್ದು ಬಿದ್ದು ನಕ್ಕಿತು.

ಕೊನೆಗೆ ಸರ್ ಮಾತಿಗೆ ನಿಂತರು. ಎಪ್ಪತ್ತು ದಾಟಿದರೂ ದನಿ ಮಾತ್ರ ಕರಿಹಲಗೆಯ ಮುಂದಿನದೇ. “ಪ್ರಸಂಗ ಖರೇ ಐತಿ. ಲೆಕ್ಕ ತಪ್ಪೈತಿ. ನಡುವ ಆರು ಸ್ಟಾಪ್ ಇದ್ವು. ಸ್ಟಾಪಿಗೆ ಎರಡು ನಿಮಿಷ ಹಿಡೀರಿ. ಮೂವತ್ತಾರು ನಿಮಿಷ ಆಗಬೇಕು. ಅವತ್ತ ನಾನೂ ಸ್ಟಾಪ್ ಹಿಡಿದಿದ್ದಿಲ್ಲ” ಎಂದರು. ಕಂಡಕ್ಟರ್ ಎದ್ದು ನಿಂತು ಕೈಮುಗಿದ, ಇಷ್ಟು ವರ್ಷಕ್ಕೆ ಹಾಜರಿ ಸಿಕ್ಕವನ ಹಾಗೆ.

ಸರ್ ಕೈಗಡಿಯಾರ ನೋಡಿದರು. “ಇನ್ನೊಂದು ಲೆಕ್ಕ. ಹನ್ನೊಂದು ಮಂದಿ ಮಾತಾಡಿದ್ರು, ತಲಾ ಎರಡು ನಿಮಿಷ, ಇಪ್ಪತ್ತೆರಡು ಆತು. ನಡುವ ನಮ್ಮ ನಿರೂಪಕರು ಮಾತಾಡಿದ್ದು ನಲವತ್ತೊಂದು ನಿಮಿಷ. ಹುಡುಗ್ರ, ಊಟ ತಡ ಆಗಾಕ ಕಾರಣ ಯಾರು?”

ಪೆಂಡಾಲು ಒಕ್ಕೊರಲಿನಿಂದ ಉತ್ತರ ಕೊಟ್ಟಿತು. ನಿರೂಪಕರೂ ನಕ್ಕರು. ನಗುತ್ತಲೇ ಪೆನ್ನು ತೆಗೆದು ಆ ಲೆಕ್ಕವನ್ನು ಫೈಲಿನೊಳಗೆ ಬರೆದುಕೊಂಡರು. ಮುಂದಿನ ಭಾನುವಾರ ಶಿಗ್ಗಾವಿಯಲ್ಲಿ ವಿಜ್ಞಾನದ ಸರ್ ಗುರುವಂದನೆಯಿತ್ತು. ಆ ಸರ್ ಕೂಡ ಹೀಗೆಯೇ ಗಡಿಯಾರ ನೋಡುತ್ತಿದ್ದರೆಂದು ಅಲ್ಲಿ ಮೈಕಿನಲ್ಲಿ ಕೇಳಿಬಂತಂತೆ.