ಮಿಣುಕಿದರೆ ಒಳಕ್ಕೆ

‘ಅಮ್ಮ, ಡಬ್ಬಿ ಬಂತಲ್ಲ? ಮೆಸೇಜು ಪೂರ್ತಿ ಓದು. ಆಮೇಲೆ ಮುಟ್ಟು.’

ಮ್ಯೂನಿಕ್‌ನಿಂದ ಮಗಳು ಕಳಿಸಿದ ಸಂದೇಶ ಶುರುವಾಗಿದ್ದೇ ಹೀಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಪ್ರಶ್ನೆಪತ್ರಿಕೆ ಪೂರ್ತಿ ಓದಿಕೊಂಡು ಆಮೇಲೆ ಪೆನ್ನಿನ ಮುಚ್ಚಳ ತೆಗೆಯಿರಿ ಎಂದು ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿದವಳು. ಅದನ್ನೇ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸು ನನಗೆ ತಿರುಗಿಸಿ ಕೊಟ್ಟಿತ್ತು. ಸಿಟ್ಟು ಬಂತು. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ.

ಡಬ್ಬಿಯೊಳಗಿದ್ದದ್ದು ಪವರ್ ಬ್ಯಾಂಕು. ಅವಳು ಅಲ್ಲಿ ಕುಳಿತು ಆರ್ಡರ್ ಮಾಡಿದ್ದು ಸಾಗರ ಪೇಟೆಯ ಕೊರಿಯರ್ ಹುಡುಗನ ಕೈಯಲ್ಲಿ ನಮ್ಮೂರಿನ ಕೆಸರು ದಾಟಿ ಬಂದಿತ್ತು. ಜೊತೆಗೆ ಗೇಣುದ್ದದ ಒಂದು ಕೇಬಲ್ಲು, ಹತ್ತಾರು ಭಾಷೆಗಳಲ್ಲಿ ಅಚ್ಚಾದ ಒಂದು ಕೈಪಿಡಿ. ಕನ್ನಡ ಇರಲಿಲ್ಲ. ಇದ್ದಿದ್ದರೂ ಆ ಅಕ್ಷರ ಓದಲು ಇರುವೆಯ ಕಣ್ಣು ಬೇಕಿತ್ತು.

ಮೆಸೇಜಿನಲ್ಲಿ ಮೂರು ಮಾತಿದ್ದವು. ಪಕ್ಕದ ಗುಂಡಿ ಒತ್ತಿದರೆ ನಾಲ್ಕು ಪುಟ್ಟ ದೀಪಗಳಲ್ಲಿ ಕೆಲವು ಹೊತ್ತುತ್ತವೆ, ಒಂದು ದೀಪವೆಂದರೆ ಕಾಲು ಭಾಗ. ಮೊದಲು ಬ್ಯಾಂಕಿನ ಹೊಟ್ಟೆ ತುಂಬಿಸಬೇಕು, ಅದಕ್ಕೆ ಅಪ್ಪನ ಹಳೇ ಚಾರ್ಜರ್ ಬೇಡ, ರಾತ್ರಿಯಿಡೀ ಬೇಕಾಗುತ್ತದೆ. ನಿನ್ನ ಹೊಸ ಫೋನಿನದನ್ನೇ ಹಾಕು, ಮೂರು ನಾಲ್ಕು ಗಂಟೆಯಲ್ಲಿ ಆಗುತ್ತದೆ. ಆಮೇಲೆ ಫೋನಿಗೆ ಜೋಡಿಸು. ‘ಕೇಬಲ್ ಸಿ ಟು ಸಿ ಅಮ್ಮ. ಎರಡು ತುದಿಯೂ ಒಂದೇ. ಯಾವ ಕಡೆ ಬೇಕಾದ್ರೂ ಹಾಕು, ತಪ್ಪಾಗೋಕೆ ಸಾಧ್ಯವೇ ಇಲ್ಲ.’

ತಪ್ಪಾಗೋಕೆ ಸಾಧ್ಯವೇ ಇಲ್ಲ ಎಂದು ಇಂಜಿನಿಯರುಗಳು ಹೇಳುವುದನ್ನು ಕಾನೂನಿನಿಂದಲೇ ನಿಷೇಧಿಸಬೇಕು.

ಬ್ಯಾಂಕು ಬರುವಾಗಲೇ ಎರಡು ದೀಪದಷ್ಟು ತುಂಬಿಕೊಂಡು ಬಂದಿತ್ತು. ರಾತ್ರಿ ಊಟವಾದ ಮೇಲೆ ಗೋಡೆಗೆ ಸಿಕ್ಕಿಸಿದೆ. ಮೂರನೆಯ ದೀಪ ಮಿಣುಕ್ ಮಿಣುಕ್ ಎನ್ನತೊಡಗಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಪುನರ್ವಸು ಮಳೆ, ಹೋಗದಿದ್ದರೆ ಆಶ್ಚರ್ಯ. ಬೆಳಗಾದರೂ ಬರಲಿಲ್ಲ. ಫೋನಿನಲ್ಲಿ 62 ಇತ್ತು. ಸರಿ, ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?

ಒಂದು ತೊಡಕು ಎದ್ದಿತು. ಉಪದೇಶವಿರುವುದು ಫೋನಿನಲ್ಲಿ, ಚಿಕಿತ್ಸೆಯಾಗಬೇಕಾದ್ದೂ ಫೋನಿಗೇ. ಚಾರ್ಜಿಗೆ ಹಾಕಿದ ಫೋನು ಮುಟ್ಟಬಾರದು ಎಂಬ ಮಡಿ ನಮ್ಮ ಮನೆಯಲ್ಲಿದೆ. ಆದ್ದರಿಂದ ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂದೆ ಮಗಳ ಮೆಸೇಜನ್ನು ದುಂಡಗೆ ಬರೆದುಕೊಂಡೆ. ಎರಡು ಕಾಗುಣಿತದ ತಪ್ಪು ತಿದ್ದಿದೆ. ಆಮೇಲೆ ಫೋನನ್ನು ಚಾಪೆಯ ಮೇಲೆ ಮಕಾಡೆ ಮಲಗಿಸಿ, ಕೇಬಲ್ಲಿನ ಒಂದು ತುದಿ ಇದಕ್ಕೆ, ಇನ್ನೊಂದು ಅದಕ್ಕೆ ಸಿಕ್ಕಿಸಿದೆ.

ಮೂರನೆಯ ದೀಪ ಮತ್ತೆ ಮಿಣುಕತೊಡಗಿತು!

ಆ ಸಂತೋಷ ಹೇಗೆ ವರ್ಣಿಸಲಿ. ಮಳೆಯ ಕತ್ತಲಲ್ಲಿ ಅಷ್ಟು ಚಿಕ್ಕ ಬಿಳಿ ಬೆಳಕು, ಉಸಿರಾಡಿದಂತೆ ಹತ್ತುತ್ತ ಆರುತ್ತ. ಮಿಣುಕುವುದೆಂದರೆ ಕೆಲಸ ನಡೆದಿದೆ ಎಂದೇ ಅರ್ಥವಲ್ಲವೇ? ನಾನು ಮಣೆ ಹಾಕಿ ಎದುರಿಗೇ ಕುಳಿತೆ. ಹಲಸಿನ ಬೇಳೆಯ ಸಿಪ್ಪೆ ತೆಗೆಯುತ್ತ ಒಂದು ಕಣ್ಣು ಅದರ ಮೇಲಿಟ್ಟೆ. ಒಲೆಯ ಮೇಲಿನ ಅನ್ನ ಬಗ್ಗಿಸಲು ಎದ್ದವಳು ಓಡಿ ಬಂದು ಮತ್ತೆ ನೋಡಿದೆ. ಮಿಣುಕುತ್ತಿತ್ತು. ಹಿತ್ತಿಲಲ್ಲಿ ದನ ಕೂಗಿತು, ಕೂಗಲಿ ಎಂದುಕೊಂಡೆ. ಒಂದು ಗಂಟೆ ಕಳೆಯಿತು, ಒಂದೂವರೆ ಗಂಟೆ ಕಳೆಯಿತು. ಮೂರನೆಯ ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ನಿಂತಿತು. ಅದರ ಪಕ್ಕದಲ್ಲಿ ನಾಲ್ಕನೆಯದು ಮಿಣುಕಲು ಶುರು ಮಾಡಿತು!

‘ನೋಡಿ ಇಲ್ಲಿ! ಫೋನಿಗೂ ಕೊಟ್ಟು ತಾನೂ ತುಂಬ್ತಾ ಇದೆ!’ ಎಂದು ಇವರನ್ನು ಕೂಗಿದೆ.

ಇವರು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. ಕನ್ನಡಕ ಏರಿಸಿ, ಬಗ್ಗಿ ನೋಡಿ, ‘ಖಾತೆಯಿಂದ ದುಡ್ಡು ತೆಗೀತಾ ಇದ್ರೆ ಬ್ಯಾಲೆನ್ಸು ಏರ್ತದೇನೇ?’ ಎಂದರು. ಕೊಟ್ಟಷ್ಟೂ ಹೆಚ್ಚುವ ವಿದ್ಯೆಯ ಬಗ್ಗೆ ವರ್ಷವಿಡೀ ಪಾಠ ಮಾಡಿದವಳಿಗೆ ಇಂಥ ಲೌಕಿಕ ಪ್ರಶ್ನೆಯೇ? ಜರ್ಮನಿಯಲ್ಲಿ ಕುಳಿತವಳು ಆರಿಸಿದ್ದು, ನಿಮ್ಮ ಬ್ಯಾಂಕಿನಂತಲ್ಲ ಎಂದೆ. ಅವರು ಮಾತಾಡದೆ ಫೋನು ಮಗುಚಿದರು.

31.

ಪರದೆಯ ಮೇಲ್ಭಾಗದಲ್ಲಿ ಒಂದು ಸಾಲಿತ್ತು: Charging connected device via USB. ಒಂದೊಂದು ಪದವೂ ನನಗೆ ಅರ್ಥವಾಯಿತು. ಒಟ್ಟಿಗೆ ಓದಿದಾಗ ಮಾತ್ರ ಅನುಮಾನ. ಜೋಡಿಸಿದ ಸಾಧನಕ್ಕೆ ಚಾರ್ಜು. ಇಲ್ಲಿ ಜೋಡಿಸಿದ್ದು ಯಾರನ್ನು, ಯಾರಿಗೆ?

ಮಗಳಿಗೆ ಫೋನು ಮಾಡಿದೆ. ನಮ್ಮ ಹನ್ನೊಂದು ಗಂಟೆ ಅವರ ಬೆಳಗಿನ ಏಳೂವರೆ. ಬ್ರೆಡ್ಡು ಅಗಿಯುತ್ತಿದ್ದವಳು ಅಗಿಯುವುದನ್ನು ನಿಲ್ಲಿಸಿದಳು. ‘ಅಮ್ಮಾ, ನೀನು ಫೋನಿಂದ ಪವರ್ ಬ್ಯಾಂಕಿಗೆ ಚಾರ್ಜ್ ಮಾಡ್ತಾ ಇದೀಯ!’ ಆಮೇಲೆ ಬಹಳ ಹೊತ್ತು ಮಾತಿರಲಿಲ್ಲ. ನಗುವಾಗ ಅವಳು ಫೋನನ್ನು ದೂರ ಹಿಡಿಯುತ್ತಾಳೆ, ನನಗೆ ಗೊತ್ತು.

ನಕ್ಕು ಮುಗಿದ ಮೇಲೆ ಬಂದ ಎರಡನೆಯ ಮೆಸೇಜೇ ಈ ಕಥೆಯ ಸಾರ. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅವಳ ಭಾಷೆ ಇನ್ನೂ ಸುಧಾರಿಸಬೇಕು. ಸಿ ಎನ್ನುವ ಈ ಅಂಡಾಕಾರದ ಬಾಯಿ ಕೊಡಲೂ ಬಲ್ಲದು, ತೆಗೆದುಕೊಳ್ಳಲೂ ಬಲ್ಲದು. ಫೋನಿನದೂ ಹಾಗೇ, ಬ್ಯಾಂಕಿನದೂ ಹಾಗೇ. ಅಂಥ ಎರಡು ಬಾಯಿಗಳನ್ನು ಜೋಡಿಸಿದ ಕ್ಷಣ ಅವು ತಮ್ಮತಮ್ಮೊಳಗೆ ಮಾತಾಡಿಕೊಂಡು, ಯಾರು ಕೊಡುವವರು ಯಾರು ಪಡೆಯುವವರು ಎಂದು ತೀರ್ಮಾನಿಸುತ್ತವೆ. ಸಾಮಾನ್ಯವಾಗಿ ಬ್ಯಾಂಕೇ ಕೊಡುತ್ತದೆ. ಒಮ್ಮೊಮ್ಮೆ, ಅದರಲ್ಲೂ ಬ್ಯಾಂಕು ನಿದ್ದೆಯಲ್ಲಿದ್ದಾಗ, ತೀರ್ಮಾನ ತಿರುಗುಮುರುಗಾಗುತ್ತದೆ. ಕೇಬಲ್ಲಿನ ತುದಿ ಅದಲುಬದಲು ಮಾಡಿ ಉಪಯೋಗವಿಲ್ಲ. ಕೇಬಲ್ಲಿಗೆ ದಿಕ್ಕೇ ಇಲ್ಲ.

ಹಾಗಾದರೆ ತಿಳಿಯುವುದು ಹೇಗೆ? ದೀಪ ಮಿಣುಕಿದರೆ ಒಳಕ್ಕೆ ಹೋಗುತ್ತಿದೆ. ಮಿಣುಕದೆ ಹೊತ್ತಿಕೊಂಡಿದ್ದರೆ ಹೊರಕ್ಕೆ ಬರುತ್ತಿದೆ. ನಮ್ಮ ಬ್ಯಾಂಕಿನ ಪದ್ಧತಿ ಇದು. ಇದಕ್ಕಿಂತ ಖಾತ್ರಿ ಬೇಕಾದರೆ ಫೋನಿನ ಮುಖವನ್ನೇ ನೋಡಬೇಕು; ಬ್ಯಾಟರಿ ಚಿತ್ರದಲ್ಲಿ ಮಿಂಚಿನ ಗುರುತಿದ್ದರೆ ಅದು ಉಣ್ಣುತ್ತಿದೆ ಎಂದರ್ಥ. (ಮಕಾಡೆ ಮಲಗಿಸಬಾರದು ಎಂದು ಅವಳು ಬರೆಯಲಿಲ್ಲ. ಬರೆಯದಿದ್ದುದು ಹೆಚ್ಚು ಚುಚ್ಚಿತು.) ತಿರುಗುಮುರುಗಾದರೆ ಕೇಬಲ್ ತೆಗೆದು, ಮೊದಲು ಗುಂಡಿ ಒತ್ತಿ ಬ್ಯಾಂಕನ್ನು ಎಬ್ಬಿಸಿ, ಆಮೇಲೆ ಸಿಕ್ಕಿಸಬೇಕು. ಅದಕ್ಕೂ ಬಗ್ಗದಿದ್ದರೆ ಪರದೆಯ ಆ ಇಂಗ್ಲಿಷ್ ಸಾಲನ್ನು ಮುಟ್ಟಿ, ಒಳಗೆ ಬರುವ Charge connected device ಎಂಬುದನ್ನು ಆಫ್ ಮಾಡಬೇಕು. ಇದ್ಯಾವುದರ ರಗಳೆಯೂ ಬೇಡವಾದರೆ, ಬ್ಯಾಂಕಿನ ಇನ್ನೊಂದು ಬಾಯಿ ಇದೆಯಲ್ಲ, ಅಗಲದ್ದು, ಚಪ್ಪಟೆ ಆಯತ, ಅಲ್ಲಿಗೆ ಹಳೆಯ ಕೇಬಲ್ ಹಾಕುವುದು. ಅಗಲ ಬಾಯಿಗೆ ಕೊಡುವುದೊಂದೇ ಗೊತ್ತು, ತೆಗೆದುಕೊಳ್ಳಲು ಬರುವುದಿಲ್ಲ.

ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ‘ಅದು ಹಳೇ ಕಾಲದ್ದು ಅಮ್ಮ.’ ಹಳೇ ಕಾಲದ ಮೇಲೆ ನನಗಿದ್ದ ಗೌರವ ಅಂದು ಇಮ್ಮಡಿಯಾಯಿತು.

ಅಗಲ ಬಾಯಿಗೆ ಹಾಕಿದ ಮೇಲೆ ಫೋನು ಒಂದೂ ಪ್ರಶ್ನೆ ಕೇಳದೆ ಉಣ್ಣತೊಡಗಿತು. ಆದರೆ ಇವರು ಸುಮ್ಮನಾಗಲಿಲ್ಲ. ಬ್ಯಾಂಕಿನ ಮೈಮೇಲೆ 10000 ಮಿಲಿ ಆಂಪಿಯರ್ ಅವರ್ ಎಂದಿದೆ, ನಿನ್ನ ಫೋನಿನ ಬ್ಯಾಟರಿ 5000. ಅಂದಮೇಲೆ ಎರಡು ಸಲ ತುಂಬಬೇಕು. ತುಂಬುವುದಿಲ್ಲ, ಸುಮಾರು ಒಂದೂವರೆ ಸಲ ಅಷ್ಟೇ ಎಂದು ಮಗಳು ಹೇಳಿದ್ದೇ ತಡ, ಕ್ಯಾಶಿಯರ್ ಎದ್ದು ಕುಳಿತರು. ಭೂತಗನ್ನಡಿ ತಂದು ತಳದ ಅಕ್ಷರ ಓದಿದರು: ಕೊಡುವ ಸಾಮರ್ಥ್ಯ 6000 ಚಿಲ್ಲರೆ, 5 ವೋಲ್ಟಿನಲ್ಲಿ. ‘ಹತ್ತು ಸಾವಿರ ಇಟ್ಟವರಿಗೆ ಆರು ಸಾವಿರ ಕೊಡೋ ಬ್ಯಾಂಕು! ಆಡಿಟ್ ಆಗ್ಬೇಕು ಇದು!’

ಆಡಿಟ್ಟೂ ಆಯಿತು. ಮಗಳು ಅಪ್ಪನಿಗೆ ಅವರದೇ ಭಾಷೆಯಲ್ಲಿ ಹೇಳಿದಳು. ಒಳಗಿನ ಕೋಶದಲ್ಲಿ ಆ 10000 ಇರುವುದು 3.7 ವೋಲ್ಟಿನ ಲೆಕ್ಕದಲ್ಲಿ. ಕೇಬಲ್ಲಿನಲ್ಲಿ ಹರಿಯಬೇಕಾದ್ದು 5 ವೋಲ್ಟು. ನಾನು ಯೂರೋ ಕಳಿಸಿದರೆ ನಿಮಗೆ ರೂಪಾಯಿ ಆಗಿ ಬರುವಂತೆ ಇಲ್ಲೂ ವಿನಿಮಯ ನಡೆಯುತ್ತದೆ. 3.7ರಿಂದ ಗುಣಿಸಿ 5ರಿಂದ ಭಾಗಿಸಿದರೆ 7400. ಅದು ನಷ್ಟವಲ್ಲ, ಬರೀ ನೋಟು ಬದಲಾದದ್ದು. ಅದರ ಮೇಲೆ ಸಾವಿರದಷ್ಟು ಕಮಿಷನ್ನು, ಶಾಖವಾಗಿ ಹೋಗುತ್ತದೆ. ಕೊಡುವಾಗ ಡಬ್ಬಿ ಬೆಚ್ಚಗಾಗುವುದು ಅದಕ್ಕೇ. ಇವರು ಡಬ್ಬಿ ಮುಟ್ಟಿ ನೋಡಿ, ಕಮಿಷನ್ ಬೆಚ್ಚಗಿದೆ ಎಂದು ಒಪ್ಪಿಕೊಂಡರು. ಬೆಚ್ಚಗಿರುವುದನ್ನು ದಿಂಬಿನಡಿ, ಕಂಬಳಿಯೊಳಗೆ ಇಡಬೇಡಿ, ಹೊಟ್ಟೆ ಉಬ್ಬಿದಂತೆ ಕಂಡರೆ ಆ ದಿನದಿಂದಲೇ ಬಳಸುವುದು ಬಿಡಿ ಎಂದೂ ಅವಳು ಸೇರಿಸಿದಳು. ಮಳೆಗಾಲದಲ್ಲಿ ಹಪ್ಪಳದ ಡಬ್ಬವನ್ನೂ ಕಂಬಳಿಯಲ್ಲಿ ಸುತ್ತಿಡುವ ನನಗೇ ಈ ಮಾತು ಎಂದು ತಿಳಿಯಿತು.

ಈ ಮಧ್ಯೆ ಮೈದುನನ ಮಗ ಒಬ್ಬ ಬಂದ. ಬೆಂಗಳೂರಿನವನು. ‘ದೊಡ್ಡಮ್ಮ, ಇದು ತುಂಬಾ ಸಿಂಪಲ್ಲು’ ಎಂದು ಶುರುಮಾಡಿದ. ಈ ಮಾತಾಡುವವರು ಯಾರೂ ಕೈಗೆ ಕೊಟ್ಟು ಕಲಿಸುವುದಿಲ್ಲ. ಕಸಿದುಕೊಂಡು, ಬೆರಳು ಚಕಚಕ ಆಡಿಸಿ, ‘ಆಯ್ತಲ್ಲ’ ಎಂದು ಹಿಂತಿರುಗಿಸುತ್ತಾರೆ. ವೈಫೈ ಡಬ್ಬಿಯನ್ನೂ ಇದರಲ್ಲೇ ನಡೆಸಬಹುದು ಎಂದ. ನಮ್ಮ ವೈಫೈ ಡಬ್ಬಿಯ ಹಿಂದೆ 12 ವೋಲ್ಟು ಎಂದು ಬರೆದಿದೆ, ಇದು ಕೊಡುವುದು 5 ಎಂದೆ. ಅವನ ಮುಖ ನೋಡಬೇಕಿತ್ತು. ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿ ಕೊಟ್ಟೆ.

ಇಷ್ಟೆಲ್ಲ ಏಕೆ ಕಳಿಸಿದಳು ಎಂದರೆ, ಹೋದ ವರ್ಷದ ಮಳೆಯಲ್ಲಿ ಮರ ಬಿದ್ದು ಲೈನು ಹರಿದು, ಕರೆಂಟ್ ದಿನಗಟ್ಟಲೆ ಬಂದಿರಲಿಲ್ಲ. ಯುಪಿಎಸ್ಸು ಮೊದಲ ರಾತ್ರಿಯೇ ಕೈಚೆಲ್ಲಿತು. ಫೋನು ಸತ್ತಿತ್ತು, ನಾವು ಹಾಯಾಗಿದ್ದೆವು. ಅವಳು ಅಲ್ಲಿ ಗುಡ್ಡ ಕುಸಿದ ಸುದ್ದಿ ಓದುತ್ತ, ಪೇಟೆಯ ಅಂಗಡಿಯವರಿಗೆ, ನಮ್ಮ ಹಾಲಿನ ಡೇರಿಯ ಕಾರ್ಯದರ್ಶಿಗೆ, ಯಾರ್‍ಯಾರಿಗೋ ಫೋನು ಮಾಡಿದ್ದಳಂತೆ. ನಮಗೆ ಗೊತ್ತಾದದ್ದು ಆಮೇಲೆ, ಬೇರೆಯವರ ಬಾಯಿಂದ. ಅವಳು ಹೇಳಲೇ ಇಲ್ಲ. ಮೊದಲ ಮೆಸೇಜಿನ ಕೊನೆಯಲ್ಲಿ ‘ಮಳೆ ಜೋರಿದ್ದಾಗ ಫೋನು 50ಕ್ಕಿಂತ ಕೆಳಗಿಳಿಸಬೇಡ’ ಎಂದಿತ್ತು. ಅದನ್ನು ಕ್ಯಾಲೆಂಡರ್ ಹಾಳೆಗೆ ಇಳಿಸಿಕೊಳ್ಳುವಾಗ ತಾಂತ್ರಿಕ ವಿಷಯವೆಂದೇ ತಿಳಿದಿದ್ದೆ. ಟವರಿನ ಡೀಸೆಲ್ಲೇ ಮುಗಿದರೆ ನನ್ನ ಫೋನು ನೂರಿದ್ದೂ ಪ್ರಯೋಜನವಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದಿಲ್ಲ. ನಾನೂ ಆ ಮಾತು ಎತ್ತಲಿಲ್ಲ.

ಈಗ ಪುಷ್ಯ ಮಳೆ ಹಿಡಿದಿದೆ. ಕರೆಂಟ್ ಹೋದರೆ ಕೇರಿಯವರು ಫೋನು ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ಒಬ್ಬೊಬ್ಬರಿಗೆ ಕಾಲು ಗಂಟೆ, ಅಗಲ ಬಾಯಿ ಮಾತ್ರ, ಫೋನು ಅಂಗಾತ. ಇವರು ಹಳೇ ರಿಜಿಸ್ಟರೊಂದರಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ನಿನ್ನೆ ಕೆಳಮನೆ ಅಜ್ಜಿ ಗುಂಡಿ ಒತ್ತುವ ಫೋನು ತಂದರು. ಅದಕ್ಕೆ ಸೂಜಿಯಷ್ಟು ಸಣ್ಣ ದುಂಡು ತೂತು. ನನ್ನ ಯಾವ ಕೇಬಲ್ಲೂ ಹೋಗಲಿಲ್ಲ. ಫೋಟೋ ತೆಗೆದು, ಇದಕ್ಕೆ ಹೊಂದುವ ವಯರು ಅಲ್ಲಿ ಸಿಗುತ್ತದೆಯೇ ಎಂದು ಮಗಳಿಗೆ ಕೇಳಿದೆ.

ಉತ್ತರ ತಕ್ಷಣವೇ ಬಂತು. ‘ಅಮ್ಮ, ಆಫೀಸಲ್ಲಿದೀನಿ. ಒಟ್ಟು ಎಷ್ಟು ಜನ ಇದಾರೆ ಅಲ್ಲಿ?’