ಸ್ವಪರಿಚಯ ಸಮಿತಿ

ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿ ಹುಟ್ಟಿ ಬೆಳೆದವನಿಗೆ ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ಪ್ರಸಂಗವೇ ಒದಗುವುದಿಲ್ಲ. ಬಸ್ಸಿನಿಂದಿಳಿದು ನಾಲ್ಕು ಹೆಜ್ಜೆ ಇಡುವುದರೊಳಗಾಗಿ ಅಂಗಡಿಯ ಜಗಲಿಯಲ್ಲಿ ಕುಳಿತ ಹಿರಿಯರು ಅವನ ಮೂಗಿನಿಂದಲೇ ಅವನ ತಾತನನ್ನು ಗುರುತಿಸಿ, ಕಾಫಿ ತೋಟದ ಬೇಲಿಯ ವ್ಯಾಜ್ಯದವರೆಗಿನ ವಂಶವೃತ್ತಾಂತವನ್ನೆಲ್ಲ ಅವನಿಗೇ ಅರುಹಿಬಿಡುತ್ತಾರೆ. ಆದುದರಿಂದ, ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಕುಳಿತು ಆನ್‌ಲೈನ್ ಮೂಲಕ ಸಂಖ್ಯಾಶಾಸ್ತ್ರವನ್ನು ಕಲಿಯಹೊರಟ ನನ್ನ ಹೆಂಡತಿಗೆ, ಸಹಪಾಠಿಗಳ ಅವಗಾಹನೆಗಾಗಿ ನೂರು ಪದಗಳಲ್ಲಿ ಸ್ವಪರಿಚಯವನ್ನು ಬರೆಯಬೇಕೆಂಬ ಅಪ್ಪಣೆಯಾದಾಗ, ನಾನು, ಹೈಸ್ಕೂಲಿನಲ್ಲಿ ಓದುವ ಮಗಳು, ಬಿಕ್ಕೋಡಿನಿಂದ ವೀಡಿಯೋ ಕರೆಯಲ್ಲಿ ಪ್ರತ್ಯಕ್ಷಳಾದ ನನ್ನ ತಾಯಿ, ಈ ಮೂವರು ಯಾರೂ ಕರೆಯದಿದ್ದರೂ ಸಮಿತಿಯಾಗಿ ಸಮಾವೇಶಗೊಂಡೆವು.

ಮೊದಲ ಕರಡನ್ನು ನಾನೇ ರಚಿಸಿದೆನು. ಹುಟ್ಟಿದ ನೆಲದ ಮಹಿಮೆಯನ್ನರಿಯದ ಪರಕೀಯರಿಗೆ ಪೀಠಿಕೆ ಅವಶ್ಯವೆಂದು ಬಗೆದು, ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಲ್ಲಿಂದ ತೊಡಗಿದೆನಾಗಿ, 1311ರಲ್ಲಿ ಮಲಿಕ್ ಕಾಫರನ ಸೈನ್ಯವು ದ್ವಾರಸಮುದ್ರವನ್ನು ಮುತ್ತುವಷ್ಟರಲ್ಲಿಯೇ ನೂರು ಪದಗಳು ತೀರಿಹೋದವು. ನನ್ನ ಹೆಂಡತಿ ಇನ್ನೂ ಹುಟ್ಟಿರಲಿಲ್ಲ. “ರೀ, ಅವರು ಕೇಳಿರೋದು ನನ್ನ ವಿಷಯ” ಎಂದು ಆಕೆ ಹಾಳೆಯನ್ನು ಪಕ್ಕಕ್ಕಿಟ್ಟಳು.

ಅನಂತರ ಹೆಸರಿನ ಪ್ರಶ್ನೆ ಉದ್ಭವಿಸಿತು. ನಮ್ಮ ಕಡೆಯ ಹೆಸರುಗಳಿಗೆ ಮುಂದೆ ಊರು ಮತ್ತು ತಂದೆಯ ಇನಿಷಿಯಲ್ ಇರುವುದುಂಟೇ ಹೊರತು ಹಿಂದೆ ಕುಲನಾಮವಿರುವುದು ಅಪರೂಪ. ಪಾಸ್‌ಪೋರ್ಟಿನವರು ಕೇಳಿದರೆಂದು ಆ ತಂದೆಯ ಹೆಸರನ್ನೇ ಕೊನೆಗೆ ತಂದು ಜೋಡಿಸಿದ್ದುದರಿಂದ, ಕೋರ್ಸಿನ ಪಟ್ಟಿಯಲ್ಲಿ ಅದೇ ಮೊದಲು ಕಾಣಿಸಿಕೊಂಡು, ಲಂಡನ್ನಿನ ಸಹಪಾಠಿಯೊಬ್ಬರು ಆಗಲೇ ನನ್ನ ಮಾವನವರ ಹೆಸರು ಹಿಡಿದು ನಮಸ್ಕಾರ ಹೇಳಿದ್ದರು. “ಬೀಗರನ್ನು ಯಾರೋ ಹೆಸರು ಹಿಡಿದು ಕರೆಯೋದೇನಮ್ಮ? ಮೊದಲು ಅದನ್ನ ತಪ್ಪಿಸು” ಎಂದು ನನ್ನ ತಾಯಿ ಸೊಸೆಗೆ ಆಜ್ಞಾಪಿಸಿದಳು. ಹೀಗಾಗಿ, ತನ್ನನ್ನು ಏನೆಂದು ಕರೆಯಬೇಕೆಂಬುದೇ ಪರಿಚಯದ ಮೊದಲನೆಯ ವಾಕ್ಯವಾಯಿತು.

“ಸಂಜೆಯ ಹೊತ್ತು ನನಗೆ ಬಿಡುವಿರುತ್ತದೆ” ಎಂಬುದು ನನ್ನ ಹೆಂಡತಿಯ ಎರಡನೆಯ ವಾಕ್ಯ. “ಯಾರ ಸಂಜೆ, ಅಮ್ಮಾ?” ಎಂದಳು ಮಗಳು. ಕೂಡಿ ಅಭ್ಯಾಸ ಮಾಡಬೇಕಾಗಿದ್ದ ನಾಲ್ವರಲ್ಲಿ ಉಳಿದವರು ಲಂಡನ್, ನೈರೋಬಿ, ಮೆಲ್ಬರ್ನ್‌ಗಳಲ್ಲಿದ್ದರು. ಮಾರ್ಚಿ ತಿಂಗಳ ನಡುವಿನ ಆ ವಾರದಲ್ಲಿ ನಮ್ಮ ರಾತ್ರಿ 9 ಗಂಟೆಯೆಂದರೆ ಲಂಡನ್ನಿನಲ್ಲಿ ನಡುರಾತ್ರಿ ಕಳೆದು 1 ಗಂಟೆ, ನೈರೋಬಿಯಲ್ಲಿ ಬೆಳಗಿನ ಜಾವ 4, ಮೆಲ್ಬರ್ನ್‌ನಲ್ಲಿ ಮರುದಿನದ ಮಧ್ಯಾಹ್ನ 12. ಅಂದರೆ ಇಬ್ಬರು ನಿದ್ರೆಯಲ್ಲಿ, ಒಬ್ಬರು ಕಛೇರಿಯಲ್ಲಿ. ಬದಲಾಗಿ ನಮ್ಮ ಬೆಳಗಿನ 7 ಗಂಟೆಯನ್ನು ಹಿಡಿದರೆ ಅವರಿಗೆ ಕ್ರಮವಾಗಿ ಬೆಳಗಿನ 11, ಮಧ್ಯಾಹ್ನ 2, ರಾತ್ರಿ 10 ಆಗಿ, ನಾಲ್ವರೂ ಕಣ್ಣು ತೆರೆದಿರುವ ಸಂಭವವಿತ್ತು. ಅದೂ ಶಾಶ್ವತವಲ್ಲ. ಅಮೆರಿಕದ ಗಡಿಯಾರಗಳು ಮಾರ್ಚಿಯ ಎರಡನೆಯ ಭಾನುವಾರವೇ ಒಂದು ಗಂಟೆ ಮುಂದಕ್ಕೆ ಹಾರಿದ್ದರೆ, ಲಂಡನ್ನಿನವು ಕೊನೆಯ ಭಾನುವಾರದವರೆಗೆ ಕಾಯುತ್ತವೆ. ಮೆಲ್ಬರ್ನ್‌ನವು ಏಪ್ರಿಲಿನ ಮೊದಲ ಭಾನುವಾರ ಹಿಂದಕ್ಕೆ ಸರಿಯುತ್ತವೆ. ನೈರೋಬಿ ಮತ್ತು ಬಿಕ್ಕೋಡುಗಳು ಮಾತ್ರ ಈ ಚಾಂಚಲ್ಯಕ್ಕೆ ಒಳಗಾಗದೆ ಸ್ಥಿತಪ್ರಜ್ಞರಂತೆ ಇದ್ದಲ್ಲಿಯೇ ಇರುತ್ತವೆ. ಆದಕಾರಣ ಮಗಳು “ಸಂಜೆ”ಯನ್ನು ಹೊಡೆದುಹಾಕಿ, “ಬೆಳಿಗ್ಗೆ 7ರಿಂದ 8, ನ್ಯೂಜೆರ್ಸಿ, UTC−4” ಎಂದು ಬರೆದಳು. ತನ್ನ ಊರಿನ ಅಂಕೆಯೊಂದನ್ನು ಬಲ್ಲವನು ಉಳಿದುದನ್ನು ತಾನೇ ಕಳೆದು ಕೂಡಿ ತಿಳಿದುಕೊಳ್ಳಬಲ್ಲನಷ್ಟೆ.

ಇಷ್ಟಾದರೂ ಆ ಬರಹವು ರೈಲ್ವೆಯ ವೇಳಾಪಟ್ಟಿಯಂತೆ ತೋರಿದುದರಿಂದ, ಓದಿದವರು ಮರುನುಡಿಯಲು ಏನಾದರೊಂದು ಎಡೆಯಿರಬೇಕೆನಿಸಿತು. “ಹವ್ಯಾಸ: ಓದುವುದು, ಸಂಗೀತ ಕೇಳುವುದು” ಎಂಬ ವಾಕ್ಯಕ್ಕೆ ಜಗತ್ತಿನ ಯಾವ ಭಾಗದಿಂದಲೂ ಉತ್ತರ ಬರುವ ಸಂಭವವಿಲ್ಲ. ಆಗ ನನ್ನ ತಾಯಿ, ನಮ್ಮ ಚರ್ಚೆಯ ಗೊಡವೆಯೇ ಇಲ್ಲದವಳಂತೆ, “ಇಲ್ಲಿ ಹೂಮಳೆ ಇನ್ನೂ ಬಿದ್ದಿಲ್ಲ, ಮೊಗ್ಗೆಲ್ಲ ಹಾಗೇ ನಿಂತಿದೆ” ಎಂದಳು. ನನ್ನ ಹೆಂಡತಿ ಅದನ್ನೇ ಬರೆದಳು: ಮಾರ್ಚಿ, ಏಪ್ರಿಲಿನಲ್ಲಿ ಒಂದು ಹದವಾದ ಮಳೆ ಬಿದ್ದ ವಾರ ಹತ್ತು ದಿನಗಳಲ್ಲಿ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ, ನಮ್ಮ ಮನೆಯವರು ಈಗ ಆ ಮಳೆಯನ್ನು ಕಾಯುತ್ತಿದ್ದಾರೆ, ಎಂದು.

ಲಂಡನ್ನಿನವರು ಹೆಸರನ್ನು ತಿದ್ದಿಕೊಂಡರು. ಮೆಲ್ಬರ್ನಿನಾಕೆ ವೇಳೆಗೆ ಒಪ್ಪಿದಳು. ನೈರೋಬಿಯವನಾದರೋ ಸಂಖ್ಯಾಶಾಸ್ತ್ರವನ್ನು ಬದಿಗಿಟ್ಟು, ನ್ಯೇರಿಯಲ್ಲಿ ತನ್ನ ಅಜ್ಜಿಗೂ ಕಾಫಿ ಗಿಡಗಳಿವೆಯೆಂದೂ, ನಿಮ್ಮಲ್ಲಿ ಮಳೆಯಾಯಿತೇ ಎಂದೂ ಕೇಳಿದನು. ಅಂದಿನಿಂದ ಮಳೆಯ ವರ್ತಮಾನವು ಬಿಕ್ಕೋಡಿನಿಂದ ನ್ಯೂಜೆರ್ಸಿಯ ಮಾರ್ಗವಾಗಿ ನೈರೋಬಿಗೆ ತಪ್ಪದೆ ತಲುಪುತ್ತಿದೆ. ಹೊಯ್ಸಳರ ವಿಷಯವನ್ನು ಈವರೆಗೆ ಯಾರೂ ವಿಚಾರಿಸಿಲ್ಲ. ಆದರೆ ಬೆಳಗಿನ 7ರಿಂದ 8ರವರೆಗೆ ಮನೆಯಾಕೆಯು ಮೂರು ಖಂಡಗಳೊಡನೆ ಸಂವಾದದಲ್ಲಿರುವುದರಿಂದ, ಡಿಕಾಕ್ಷನ್ ಇಳಿಸುವ ಹೊಣೆಯನ್ನು ಸಮಿತಿಯು, ನಾನು ಗೈರುಹಾಜರಾಗಿದ್ದ ಒಂದು ಸಭೆಯಲ್ಲಿ, ಸರ್ವಾನುಮತದಿಂದ ನನಗೆ ವಹಿಸಿದೆ.