ತಾರಸಿಗೆ ಜ್ವರ ನೋಡಿದ್ದು

ಕೊನೆಯ ಮಹಡಿಯ ಮನೆ ತೋರಿಸುವ ದಲ್ಲಾಳಿ ಗಾಳಿಯನ್ನು ಹೊಗಳುತ್ತಾನೆ, ಬೆಳಕನ್ನು ಹೊಗಳುತ್ತಾನೆ, ನಿಮ್ಮ ತಲೆಯ ಮೇಲೆ ಯಾರೂ ಮಂಚ ಎಳೆಯುವುದಿಲ್ಲ ಸಾರ್ ಎನ್ನುತ್ತಾನೆ. ಸೂರ್ಯನ ಮಾತೆತ್ತುವುದಿಲ್ಲ. ಏಪ್ರಿಲ್ ಬಂದ ಮೇಲೆ ಗೊತ್ತಾಗುತ್ತದೆ, ಮೇಲಿನ ಮನೆಯಲ್ಲಿ ಅವನೇ ಇದ್ದಾನೆ ಎಂದು. ಹಗಲೆಲ್ಲ ಕುಡಿದ ಬಿಸಿಲನ್ನು ಆರ್‌ಸಿಸಿ ಛಾವಣಿ ಒಳಗೆ ದಾಟಿಸಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಹಾಗಾಗಿ ಬೆಂಗಳೂರಿನ ಉಳಿದವರೆಲ್ಲ ಸಂಜೆ ತಂಗಾಳಿಗೆ ಮೈಯೊಡ್ಡಿ ಕುಳಿತ ಹೊತ್ತಿಗೆ ಸರಿಯಾಗಿ ನಮ್ಮ ಮನೆ ಬೇಯಲು ಶುರು. ಫ್ಯಾನು ಹಾಕಿದರೆ ಅದು ಛಾವಣಿಯ ಬಿಸಿಯನ್ನೇ ಹೊತ್ತು ತಂದು ಮುಖಕ್ಕೆ ಎರಚುತ್ತದೆ.

ತಾರಸಿಗೆ ಬಣ್ಣ ಹೊಡೆಸೋಣ ಎಂದು ಅಸೋಸಿಯೇಷನ್ ಸಭೆಯಲ್ಲಿ ಹೇಳಿದೆ. ಕೆಳಗಿನ ಮಹಡಿಯವರಿಗೆ ಇದು ನನ್ನೊಬ್ಬನ ಸ್ವಂತ ಕಾಯಿಲೆಯಂತೆ ಕಂಡಿತು. ಬಿಳಿ ಬಳಿದರೆ ಕೆಳಗಿನವರಿಗೆ ಏನೂ ತಂಪಾಗುವುದಿಲ್ಲ ಎನ್ನುವುದೂ ನಿಜವೇ. ಕಾರ್ಯದರ್ಶಿಗಳು ಬಿಳಿ ಕಣ್ಣಿಗೆ ಹೊಡೆಯುತ್ತದೆ, ಎದುರು ಕಟ್ಟಡದವರು ಜಗಳಕ್ಕೆ ಬರುತ್ತಾರೆ, ಇಟ್ಟಿಗೆ ಕೆಂಪು ಬಳಿಯೋಣ ಎಂದರು. ಎರಡನೇ ಮಹಡಿಯ ರಾಯರು ಮಾತ್ರ ಎದ್ದು ನಿಂತು, "ಬಿಳಿಯೂ ಬೇಡ, ಕೆಂಪೂ ಬೇಡ. ಗೇಟಿಗೆ ಹೊಡೀತೀವಲ್ಲ, ಆ ಸಿಲ್ವರ್ ಪೇಂಟು ಹೊಡೆಸಿ. ಕನ್ನಡಿ ಥರ ಬಿಸಿಲು ಹಿಂದಕ್ಕೆ ಹೋಗುತ್ತೆ" ಎಂದರು. ರಾಯರು ನಿವೃತ್ತ ಎಂಜಿನಿಯರು. ಸಭೆ ತಲೆದೂಗಿತು. ನಾನು ಸಾಹಿತ್ಯದ ವಿದ್ಯಾರ್ಥಿ. ನನ್ನ ಮಾತಿಗೆ ಯಾರೂ ತಲೆದೂಗುವುದಿಲ್ಲ.

ಆದ್ದರಿಂದ ಪರೀಕ್ಷೆ ಮಾಡೋಣ ಎಂದು ಸವಾಲು ಹಾಕಿದೆ. ತಾರಸಿಯಲ್ಲಿ ಒಂದೊಂದು ಚಾಪೆಯಷ್ಟು ಜಾಗಕ್ಕೆ ಒಂದೊಂದು ಬಣ್ಣ ಬಳಿಸಿದೆ: ತಾರಸಿಗೆಂದೇ ಮಾಡಿದ ಬಿಳಿ, ಗೋಡೆಗೆ ಬಳಿದು ಮಿಕ್ಕ ಮಾಮೂಲಿ ಇಟ್ಟಿಗೆ ಕೆಂಪು, ರಾಯರ ಬೆಳ್ಳಿ. ಪಕ್ಕದಲ್ಲಿ ಬರಿಯ ಸಿಮೆಂಟು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲರೂ ಮೇಲೆ ಬರತಕ್ಕದ್ದು.

ಬಂದರು. ಕೊಡೆ ಹಿಡಿದು, ತಲೆಗೆ ಟವೆಲ್ ಸುತ್ತಿಕೊಂಡು, ಮದುವೆ ದಿಬ್ಬಣವೇ ಬಂದಿತು. ರಾಯರ ಕೈಯಲ್ಲಿ ಕೊರೋನಾ ಕಾಲದ ಜ್ವರದ ಗನ್ನು. ಆಗ ಅದನ್ನು ಗೇಟಿನಲ್ಲಿ ನಮ್ಮ ಹಣೆಗೆ ಹಿಡಿದವರೂ ಅವರೇ. ಈಗ ಅಷ್ಟೇ ಗಾಂಭೀರ್ಯದಿಂದ ಬಗ್ಗಿ ಸಿಮೆಂಟಿಗೆ ಗುರಿಯಿಟ್ಟರು. ಗನ್ನು ಕೆಂಪಗಾಗಿ ಕೂಗಿಕೊಂಡು HI ಎಂದು ತೋರಿಸಿತು. "ನೋಡಿ, ನಮಸ್ಕಾರ ಮಾಡ್ತಿದೆ" ಎಂದಳು ಯಾರದೋ ಮಗಳು. ಅದು ಹೈ ಎಂಬುದರ ಸಂಕ್ಷೇಪ, ಮನುಷ್ಯನ ಜ್ವರದ ಮಿತಿ ದಾಟಿದೆ ಎಂದು ರಾಯರು ಭಾಷಣ ಮಾಡಿ, ಒಂದು ಗುಂಡಿ ಒತ್ತಿ ವಸ್ತುಗಳ ಬಿಸಿ ಅಳೆಯುವ ಕ್ರಮಕ್ಕೆ ತಿರುಗಿಸಿದರು. ಸಿಮೆಂಟು 57. ಕೆಂಪು ಅದಕ್ಕೂ ಒಂದೆರಡು ಹೆಚ್ಚು. ಬಿಳಿ 42. ನನ್ನ ಎದೆ ಉಬ್ಬಿತು. ಬೆಳ್ಳಿ 37.

ದಿಬ್ಬಣ ಚಪ್ಪಾಳೆ ತಟ್ಟಿತು. ರಾಯರು ಹೊಗೆ ಊದುವವರಂತೆ ಗನ್ನಿನ ತುದಿಯನ್ನು ಬಾಯಿಯ ಹತ್ತಿರ ಹಿಡಿದದ್ದನ್ನು ನಾನು ಮರೆಯಲಾರೆ. ನನಗೆ ಏನು ತೋಚಿತೋ, ಚಪ್ಪಲಿ ಬಿಟ್ಟೆ. ಬಿಳಿಯ ಮೇಲೆ ನಿಂತೆ. ಬಿಸಿ, ಆದರೆ ನಿಲ್ಲಬಹುದು. ನಿಂತೇ ಒಂದು ಸಣ್ಣ ಭಾಷಣ ಮಾಡಿದೆ. ಆಮೇಲೆ ಘನತೆಯಿಂದ ಬೆಳ್ಳಿಯ ಮೇಲೆ ಕಾಲಿಟ್ಟೆ. ಘನತೆ ಅಲ್ಲಿಗೆ ಮುಗಿಯಿತು. ಬಾಯಿಂದ ಹೊರಟದ್ದು ಯಾವ ಭಾಷೆಯೂ ಅಲ್ಲ. ಬಿಳಿಗೆ ಹಾರಿಕೊಂಡೆ. ಯಾರೂ ನಂಬಲಿಲ್ಲ, ನಾಟಕ ಎಂದರು. ಮತ್ತೆ ಬೆಳ್ಳಿಗೆ ಹಾರಿದೆ, ಮತ್ತೆ ಬಿಳಿಗೆ. ಎದುರು ಕಟ್ಟಡದ ಬಾಲ್ಕನಿಗಳು ಒಂದೊಂದಾಗಿ ತುಂಬಿದವು. "ರೀ, ಸಾಕು ಬನ್ನಿ, ಜನ ನೋಡ್ತಿದಾರೆ" ಎಂದು ಹೆಂಡತಿ ಕೊಡೆಯೊಳಗೆ ಮುಖ ಮುಚ್ಚಿಕೊಂಡಳು. ರಾಯರು ಗನ್ನನ್ನೂ ನನ್ನ ಪಾದವನ್ನೂ ಬಾರಿ ಬಾರಿ ನೋಡಿ, ಕಡೆಗೆ ತಾವೂ ಚಪ್ಪಲಿ ಬಿಟ್ಟರು. ಬೆಳ್ಳಿಯ ಮೇಲೆ ಅವರು ಹಾರಿದ ಎತ್ತರ ಅವರ ವಯಸ್ಸಿಗೆ ಸಲ್ಲದ್ದು.

ಗನ್ನು ಸುಳ್ಳು ಹೇಳಿದ್ದೇಕೆ? ಅದು ಬಿಸಿಯನ್ನು ಮುಟ್ಟಿ ನೋಡುವುದಿಲ್ಲ, ಮೈಯಿಂದ ಹೊರಟ ಇನ್‌ಫ್ರಾರೆಡ್ ಕಿರಣ ನೋಡಿ ಊಹಿಸುತ್ತದೆ. ಚರ್ಮ, ಸಿಮೆಂಟು, ಬಿಳಿ ಬಣ್ಣ, ಇವೆಲ್ಲ ತಮ್ಮ ಬಿಸಿಯನ್ನು ಧಾರಾಳವಾಗಿ ಹೊರಗೆ ಬಿಡುತ್ತವೆ. ಅಲ್ಯೂಮಿನಿಯಂ ಪುಡಿಯ ಬೆಳ್ಳಿ ಬಣ್ಣ ಹಾಗಲ್ಲ. ಅದು ಜಿಪುಣನಿದ್ದಂತೆ: ಗಳಿಕೆ ಸಾಧಾರಣ, ಖರ್ಚು ಅದಕ್ಕಿಂತ ಕಡಿಮೆ, ಗಂಟು ಮಾತ್ರ ಬೆಳೆಯುತ್ತಲೇ ಇರುತ್ತದೆ. ಬಿಸಿಲನ್ನು ತಕ್ಕಮಟ್ಟಿಗೆ ಹಿಂದಕ್ಕೆ ಕಳಿಸುತ್ತದೆ, ಒಳಗೆ ಹೊಕ್ಕದ್ದನ್ನು ಬಿಟ್ಟುಕೊಡುವುದಿಲ್ಲ. ಬದಲಿಗೆ ಆಕಾಶದ ತಂಪನ್ನು ಪ್ರತಿಫಲಿಸಿ ಗನ್ನಿನ ಕಣ್ಣಿಗೆ ಮಣ್ಣೆರಚುತ್ತದೆ. ತಾರಸಿ ತಂಪಾಗಿರಬೇಕಾದರೆ ಎರಡೂ ಬೇಕು, ಬಿಸಿಲನ್ನು ತಿರುಗಿಸುವುದು ಮತ್ತು ಹೊಕ್ಕ ಬಿಸಿಯನ್ನು ಹೊರಹಾಕುವುದು. ಡಬ್ಬದ ಮೇಲೆ ಎಸ್‌ಆರ್‌ಐ ಎಂಬ ಅಂಕಿ ಇದ್ದರೆ ಅದು ಈ ಎರಡನ್ನೂ ಸೇರಿಸಿದ ಲೆಕ್ಕ. ದೊಡ್ಡದಿದ್ದಷ್ಟೂ ಒಳ್ಳೆಯದು.

ಕಾರ್ಯದರ್ಶಿಗಳ ಕೆಂಪಿಗೂ ನ್ಯಾಯ ಹೇಳಬೇಕು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆ ಭಾಗವನ್ನು ಮಾತ್ರ ಹಿಂದಕ್ಕೆ ಅಟ್ಟುವ ಕೆಂಪು, ಹಸಿರು, ಬೂದು ಬಣ್ಣಗಳೂ ಬಂದಿವೆ. ಮಾಮೂಲಿ ಕೆಂಪಿಗಿಂತ ಅವು ತಂಪು. ಆದರೆ ಕಾಣುವ ಬೆಳಕಿನಲ್ಲಿ ಬಹುಪಾಲನ್ನು ನುಂಗಿಕೊಂಡೇ ಅವು ಕೆಂಪಾಗಿಯೋ ಹಸಿರಾಗಿಯೋ ಕಾಣುವುದರಿಂದ ಬಿಳಿಯನ್ನು ಹಿಂದೆ ಹಾಕಲಾರವು.

ಅಂತೂ ಬಿಳಿ ಗೆದ್ದಿತು. ಪೇಂಟರು ಮಧ್ಯಾಹ್ನವೇ ಬಳಿದು ಹೋಗುತ್ತೇನೆಂದ. ಬಿಡಲಿಲ್ಲ. ಕಾದ ನೆಲದ ಮೇಲೆ ಬಣ್ಣ ಮೇಲುಮೇಲಕ್ಕೆ ಒಣಗಿ, ನೀರಿನ ಪಸೆ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ. ತಂತಿ ಬ್ರಷ್‌ನಲ್ಲಿ ಪಾಚಿ ಕೆರೆಸಿ, ತೊಳೆಸಿ, ಪೂರ್ತಿ ಒಣಗಿಸಿ, ಬಿರುಕು ಮುಚ್ಚಿಸಿ, ಮೊದಲ ಕೋಟು ನೀರು ಬೆರೆಸಿ ತೆಳ್ಳಗೆ, ಮರುದಿನ ಬೆಳಿಗ್ಗೆ ಎರಡನೆಯದು ಅಡ್ಡಡ್ಡ. ನೀರು ನಿಲ್ಲುವ ಮೂಲೆಯನ್ನು ಸಿಮೆಂಟು ಹಾಕಿ ಇಳಿಜಾರು ಮಾಡಿಸದೆ ಬಳಿದರೆ ಮಳೆಗಾಲದಲ್ಲಿ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ನಮ್ಮಲ್ಲಿ ಅಷ್ಟು ಜಾಗಕ್ಕೆ ಎದ್ದೇ ಎದ್ದಿತು, ಯಾಕೆಂದರೆ ಸಿಮೆಂಟಿನ ಖರ್ಚಿಗೆ ಸಭೆ ಒಪ್ಪಲಿಲ್ಲ.

ಸಂಜೆ ಒಳಗೆ ಎರಡು ಡಿಗ್ರಿಯಷ್ಟು ಇಳಿಯಿತು. ಪಶ್ಚಿಮದ ಗೋಡೆಗೂ ಕಿಟಕಿಗೂ ತಾರಸಿಯ ಬಣ್ಣ ಏನೂ ಮಾಡಲಾರದು. ಹೊಸದರಲ್ಲಿ ನೂರಕ್ಕೆ ಎಂಬತ್ತು ಪಾಲು ಬಿಸಿಲು ತಿರುಗಿಸುವ ಬಿಳಿ, ಧೂಳು ಕೂತು ಒಂದೆರಡು ವರ್ಷದಲ್ಲಿ ಅರವತ್ತರ ಕಡೆಗೆ ಜಾರುತ್ತದೆ. ಬೇಸಿಗೆಗೆ ಮುಂಚೆ ಉಜ್ಜಿ ತೊಳೆಯಬೇಕು. ದೂರು ಬಂದದ್ದು ಬೇರೆ ಕಡೆಯಿಂದ. "ನಿಮ್ಮ ಬಣ್ಣ ಬಂದ ಮೇಲೆ ಸಂಡಿಗೆ ಒಂದು ದಿನಕ್ಕೆ ಒಣಗೋದೇ ಇಲ್ಲ ಕಣ್ರೀ" ಎಂದರು ಮೊದಲ ಮಹಡಿಯ ಅಮ್ಮನವರು. ಕೆಳಗಿನಿಂದ ಕಾಯಿಸುತ್ತಿದ್ದ ನೆಲ ಈಗ ಕಾಯುವುದಿಲ್ಲ, ನಿಜ. ಇದಕ್ಕಿಂತ ನಂಬಲರ್ಹ ಪ್ರಮಾಣಪತ್ರ ನನಗೆ ಸಿಕ್ಕಿಲ್ಲ.

ತಾರಸಿಯ ಮೆಟ್ಟಿಲ ಪಕ್ಕದಲ್ಲಿ ತಗಡಿನ ಮಾಡಿನ ಕೋಣೆಯೊಂದಿದೆ. ವಾಚ್‌ಮನ್ ಸಂಸಾರದ್ದು. ಸಭೆಯಲ್ಲಿ ಅದರ ಹೆಸರೇ ಬಂದಿರಲಿಲ್ಲ, ನನ್ನ ಬಾಯಿಂದಲೂ. ಹೊಳೆಯುವ ತಗಡಿಗೂ ಬೆಳ್ಳಿ ಬಣ್ಣದ್ದೇ ರೋಗ. ಜೊತೆಗೆ ಅದಕ್ಕೆ ಕಾಂಕ್ರೀಟಿನ ದಪ್ಪವಿಲ್ಲ, ಬಿಸಿಲು ಬಿದ್ದ ಗಳಿಗೆಯೇ ಒಳಗೆ ಕಾವು. ಆ ಸಂಸಾರದ ಮಗು ಮಧ್ಯಾಹ್ನವೆಲ್ಲ ಲಿಫ್ಟಿನ ಎದುರು ಮಲಗುತ್ತಿದ್ದುದನ್ನು ಎಲ್ಲರೂ ದಾಟಿಕೊಂಡು ಓಡಾಡಿದ್ದೇವೆ. ಅಹಮದಾಬಾದಿನ ನಗರಪಾಲಿಕೆ 2017ರಲ್ಲಿ ಬಿಳಿ ಬಳಿಯಲು ಹೊರಟಾಗ ಬಡವರ ಮನೆಗಳ ಮಾಡಿನಿಂದಲೇ ಶುರುಮಾಡಿತು, ಸುಣ್ಣದಲ್ಲಿ. ಮಿಕ್ಕ ಬಣ್ಣವನ್ನು ತಗಡು ಉಜ್ಜಿಸಿ ಅದಕ್ಕೆ ಬಳಿಸಿದೆ. ಕಾಂಕ್ರೀಟಿನಂತೆ ಸಂಜೆಯವರೆಗೆ ಕಾಯಬೇಕಾಗಲಿಲ್ಲ, ಒಣಗಿದ ಮಧ್ಯಾಹ್ನವೇ ಮಗು ಒಳಗೆ ಮಲಗಿತ್ತು. ಆ ಬಣ್ಣ ಅಸೋಸಿಯೇಷನ್ ದುಡ್ಡಿನದು, ಕೋಣೆಯ ಮಾಡು ಸಾಮಾನ್ಯ ಜಾಗದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಖಜಾಂಚಿಗಳು ಬೈಲಾ ತಿರುವಿ ಹಾಕುತ್ತಿದ್ದಾರೆ. ಬಾರದಿದ್ದರೆ ಬಿಲ್ಲು ನನಗೆ ಕಳಿಸುತ್ತಾರಂತೆ. ಅರ್ಧ ಕೊಡುತ್ತೇನೆಂದು ರಾಯರು ಹೇಳಿಕಳಿಸಿದ್ದಾರೆ.